ಸೀಮೆಎಣ್ಣೆ ಕುಡಿದ ಮಗು: ವಾಂತಿ ಏಕೆ ಬೇಡ, ನಿಗಾ ಎಷ್ಟು ಹೊತ್ತು

ನೀರಿನ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆಯನ್ನು ನೀರೆಂದು ತಿಳಿದು ಪುಟ್ಟ ಮಕ್ಕಳು ಕುಡಿದುಬಿಡುವುದು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದಲ್ಲ. ಹೆಚ್ಚಾಗಿ ಒಂದರಿಂದ ಮೂರು ವರ್ಷದ ಮಕ್ಕಳೇ ಈ ಅಪಾಯಕ್ಕೆ ಸಿಗುತ್ತಾರೆ. ಆ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ವಾಸನೆಯಿಂದ ಹಿಂಜರಿಯುವಷ್ಟು ತಿಳಿವಳಿಕೆ ಇನ್ನೂ ಬಂದಿರುವುದಿಲ್ಲ. ಅಡುಗೆ ಅನಿಲ ಬಂದ ಮೇಲೆ ಮನೆಗಳಲ್ಲಿ ಸೀಮೆಎಣ್ಣೆ ಕಡಿಮೆಯಾಗಿದೆ. ಆದರೆ ಬಣ್ಣಕ್ಕೆ ಬೆರೆಸುವ ಥಿನ್ನರ್, ಟರ್ಪಂಟೈನ್, ಬೈಕಿನಿಂದ ತೆಗೆದಿಟ್ಟ ಪೆಟ್ರೋಲ್, ಪಂಪ್‌ಸೆಟ್ಟಿನ ಡೀಸೆಲ್ ಅದೇ ಹಳೆಯ ಬಾಟಲಿಗಳಲ್ಲಿ ಇವೆ. ಇವೆಲ್ಲವೂ ಪೆಟ್ರೋಲಿಯಂ ಇಲ್ಲವೇ ಅದರಂಥದೇ ತೆಳು ಎಣ್ಣೆಗಳು. ದೇಹದಲ್ಲಿ ಮಾಡುವ ಹಾನಿಯೂ ಬಹುಮಟ್ಟಿಗೆ ಒಂದೇ ಬಗೆಯದು.

ಮಗುವನ್ನು ಎತ್ತಿಕೊಂಡು ಬಂದವರ ಬಾಯಲ್ಲಿ ಮೊದಲು ಬರುವ ಮಾತು ಇದು: "ಸಿಸ್ಟರ್, ಬೇಗ ಹೊಟ್ಟೆ ವಾಶ್ ಮಾಡಿಸಿ." ಅಷ್ಟರಲ್ಲಿ ಮನೆಯಲ್ಲಿ ಉಪ್ಪುನೀರು ಕುಡಿಸಿರುತ್ತಾರೆ, ಇಲ್ಲವೇ ಗಂಟಲಿಗೆ ಬೆರಳು ಹಾಕಿ ಒಂದು ಸಲ ವಾಂತಿ ಮಾಡಿಸಿರುತ್ತಾರೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು ಅದು. ಆದರೂ ಸೀಮೆಎಣ್ಣೆಯ ಮಟ್ಟಿಗೆ ಮಗುವನ್ನು ಹೆಚ್ಚು ಅಪಾಯಕ್ಕೆ ತಳ್ಳುವುದು ಆ ವಾಂತಿಯೇ.

ಸೀಮೆಎಣ್ಣೆ ಕೆಡಿಸುವುದು ಶ್ವಾಸಕೋಶವನ್ನು

ಎರಡು-ಮೂರು ವರ್ಷದ ಮಗುವಿನ ಒಂದು ಗುಟುಕು ಸುಮಾರು 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚದಷ್ಟು. ಸೀಮೆಎಣ್ಣೆಯ ರುಚಿ ಕೆಟ್ಟದ್ದಾದ್ದರಿಂದ ಬಹುತೇಕ ಮಕ್ಕಳು ಒಂದೆರಡು ಗುಟುಕಿಗೇ ನಿಲ್ಲಿಸುತ್ತಾರೆ. ಅಷ್ಟು ಎಣ್ಣೆ ಹೊಟ್ಟೆಯಲ್ಲೇ ಉಳಿದರೆ ದೊಡ್ಡ ಕೇಡಿಲ್ಲ. ಕರುಳು ಅದನ್ನು ಬಹಳ ಕಡಿಮೆ ಹೀರಿಕೊಳ್ಳುತ್ತದೆ. ಹೊಟ್ಟೆ ತೊಳಸಬಹುದು, ಒಂದೆರಡು ಸಲ ಭೇದಿಯಾಗಬಹುದು, ಮಲದಲ್ಲಿ ಎಣ್ಣೆಯ ವಾಸನೆ ಬರಬಹುದು.

ಅದೇ ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಒಂದು ಮಿಲಿಲೀಟರಿಗಿಂತ ಕಡಿಮೆಯೂ ಸಾಕು. ಸೀಮೆಎಣ್ಣೆ ನೀರಿಗಿಂತ ಸುಲಭವಾಗಿ ಹರಡುತ್ತದೆ. ಅದರ ಮೇಲ್ಮೈ ಎಳೆತ ಕಡಿಮೆ, ಮಂದ ಎಣ್ಣೆಗಳಂತೆ ಅಂಟುವ ಗುಣವೂ ಇಲ್ಲ. ಹೀಗಾಗಿ ಒಂದು ಹನಿ ಒಂದೇ ಕಡೆ ನಿಲ್ಲದೆ ತೆಳು ಪದರವಾಗಿ ಕೊನೆಯ ಗಾಳಿಚೀಲಗಳವರೆಗೂ ಹಬ್ಬುತ್ತದೆ. ಈ ಚೀಲಗಳು ಉಸಿರು ಬಿಟ್ಟಾಗಲೂ ಮುಚ್ಚಿಕೊಳ್ಳದಂತೆ ತಡೆಯಲು ಒಳಗೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪವಿದೆ. ಎಣ್ಣೆ ಅದನ್ನು ಕರಗಿಸಿ ಕೆಡಿಸುತ್ತದೆ. ಚೀಲಗಳು ಕುಸಿಯುತ್ತವೆ, ಸುತ್ತಲಿನ ಅಂಗಾಂಶ ಊದಿಕೊಂಡು ನೀರು ತುಂಬುತ್ತದೆ, ಆಮ್ಲಜನಕ ರಕ್ತಕ್ಕೆ ಸೇರುವ ದಾರಿ ಕಟ್ಟಿಹೋಗುತ್ತದೆ. ರಾಸಾಯನಿಕ ನ್ಯುಮೋನಿಯಾ ಎನ್ನುವುದು ಇದನ್ನೇ. ಇಲ್ಲಿ ರೋಗಾಣುಗಳ ಪಾತ್ರವಿಲ್ಲ.

ಸೀಮೆಎಣ್ಣೆ ಕುಡಿದ ಮಗು ಮಂಪರಾದರೆ "ವಿಷ ತಲೆಗೇರಿದೆ" ಎನ್ನುವುದುಂಟು. ಅಂಥ ಮಂಪರಿಗೆ ಹೆಚ್ಚಿನ ಸಲ ಕಾರಣ ಶ್ವಾಸಕೋಶ ಸೋತು ಮಿದುಳಿಗೆ ಆಮ್ಲಜನಕ ಸಾಲದೇ ಹೋಗುವುದು. ಆದ್ದರಿಂದ ಮಂಪರು ಕಂಡ ಕೂಡಲೇ ನರ್ಸ್ ನೋಡಬೇಕಾದದ್ದು ಮಗುವಿನ ಎದೆಯನ್ನು.

ವಾಂತಿ ಮಾಡಿಸಿದರೆ ಆಗುವುದೇನು

ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ವಾಂತಿಯಾಗುವಾಗಲೂ ಮುಚ್ಚಿಕೊಳ್ಳಬೇಕು. ಆದರೆ ಪುಟ್ಟ ಮಗು ಓಕರಿಸುತ್ತಾ ಅಳುತ್ತದೆ, ಅಳುತ್ತಾ ಉಸಿರೆಳೆದುಕೊಳ್ಳುತ್ತದೆ. ಗಂಟಲಲ್ಲಿ ಎಣ್ಣೆ ತುಂಬಿರುವಾಗ ಎಳೆದುಕೊಂಡ ಒಂದೇ ಒಂದು ಉಸಿರು ಅದನ್ನು ಕೆಳಗಿಳಿಸಲು ಸಾಕು. ಕುಡಿಯುವಾಗ ಒಮ್ಮೆ ಎದುರಾದ ಅಪಾಯವನ್ನು ವಾಂತಿ ಮಾಡಿಸಿ ಎರಡನೆಯ ಸಲ ತಂದುಕೊಂಡಂತೆ ಆಗುತ್ತದೆ, ಅದೂ ಹೊಟ್ಟೆಯಲ್ಲಿ ಸುರಕ್ಷಿತವಾಗಿ ಕುಳಿತಿದ್ದ ಎಣ್ಣೆಯನ್ನು ಎಬ್ಬಿಸಿ.

ಹೊಟ್ಟೆ ತೊಳೆಯುವುದನ್ನೂ ಬೇಡವೆನ್ನುವುದು ಇದೇ ಕಾರಣಕ್ಕೆ. ಕೊಳವೆ ಗಂಟಲು ದಾಟುವಾಗ ಓಕರಿಕೆ ಬರುತ್ತದೆ, ಕೊಳವೆಯ ಪಕ್ಕದಿಂದ ಎಣ್ಣೆ ಮೇಲೇರುತ್ತದೆ. ಇದ್ದಿಲ ಪುಡಿ, ಅಂದರೆ ಆಸ್ಪತ್ರೆಯಲ್ಲಿ ಕಲಸಿ ಕೊಡುವ ಆಕ್ಟಿವೇಟೆಡ್ ಚಾರ್ಕೋಲ್, ಬೇರೆ ಹಲವು ವಿಷಗಳನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಸೀಮೆಎಣ್ಣೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಹೊಟ್ಟೆ ತುಂಬಿಸಿ ವಾಂತಿ ಬರಿಸುವುದು ಮಾತ್ರ ಅದು ಮಾಡುವ ಕೆಲಸ. ಮನೆಯಲ್ಲಿ ಕೊಡುವ ಹಾಲು, ತೆಂಗಿನೆಣ್ಣೆ, ಮೊಟ್ಟೆಯ ಬಿಳಿಯದೂ ಅದೇ ಕಥೆ. ಹೊಟ್ಟೆ ತುಂಬಿದಷ್ಟೂ ವಾಂತಿ ಹತ್ತಿರವಾಗುತ್ತದೆ.

ಉಪ್ಪುನೀರಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ದೊಡ್ಡ ಚಮಚ ತುಂಬ ಉಪ್ಪೆಂದರೆ ಸುಮಾರು 15 ಗ್ರಾಂ. ಹತ್ತು-ಹನ್ನೊಂದು ಕಿಲೋ ತೂಕದ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಲು, ಮೂರ್ಛೆ ಬರಲು ಅಷ್ಟು ಉಪ್ಪು ಸಾಕು. ವಾಂತಿಯಾಗಲೆಂದು ಕುಡಿಸಿದ ಉಪ್ಪುನೀರು ವಾಂತಿಯಾಗಿ ಹೊರಬರದೆ ಉಳಿದು ಜೀವ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಮಗುವಿಗೆ ಉಪ್ಪುನೀರು ಕೊಟ್ಟಿದ್ದರೆ ಎಷ್ಟು ಚಮಚ ಎಂದು ಕೇಳಿ ಬರೆದುಕೊಳ್ಳುವುದು ನರ್ಸ್ ಕೆಲಸ. ಗದರಿದರೆ ಮನೆಯವರು ಸುಳ್ಳು ಹೇಳಿಬಿಡುತ್ತಾರೆ. ಆದ್ದರಿಂದ ಮೆಲ್ಲಗೆ ಕೇಳಬೇಕು.

ವಾಂತಿ ಮಾಡಿಸುವ ಪದ್ಧತಿಗೆ ವೈದ್ಯಶಾಸ್ತ್ರವೇ ಒಂದು ಕಾಲದಲ್ಲಿ ಬೆಂಬಲ ಕೊಟ್ಟಿತ್ತು. ಇಪೆಕಾಕ್ ಎಂಬ ಬೇರಿನ ಸಿರಪ್ಪನ್ನು ಮನೆಮನೆಯಲ್ಲಿ ಇಟ್ಟುಕೊಳ್ಳಿ ಎಂದು ಅಮೆರಿಕದ ಮಕ್ಕಳ ವೈದ್ಯರು ದಶಕಗಳ ಕಾಲ ಹೇಳುತ್ತಿದ್ದರು. 1997ರಲ್ಲಿ ಅಮೆರಿಕ ಮತ್ತು ಯುರೋಪಿನ ವಿಷವೈದ್ಯರ ಸಂಘಟನೆಗಳು ಒಟ್ಟಾಗಿ ಇದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದವು. ವಾಂತಿಯಿಂದ ಎಷ್ಟು ವಿಷ ಹೊರಬರುತ್ತದೆ ಎಂಬುದಕ್ಕೆ ಒಂದು ಲೆಕ್ಕವೇ ಸಿಗದು, ಹೊತ್ತು ಕಳೆದಂತೆ ಅದೂ ಇಳಿಯುತ್ತದೆ, ರೋಗಿಗಳು ಅದರಿಂದ ಬೇಗ ಗುಣವಾಗಿದ್ದಕ್ಕೆ ಪುರಾವೆ ಇಲ್ಲ ಎಂದು ಅವು ತೀರ್ಮಾನಿಸಿದವು. 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ ಹಳೆಯ ಸಲಹೆಯನ್ನು ಹಿಂದಕ್ಕೆ ಪಡೆದು, ಮನೆಯಲ್ಲಿ ಇಪೆಕಾಕ್ ಬಳಸಬೇಡಿ, ಇದ್ದರೆ ಎಸೆಯಿರಿ ಎಂದಿತು.

ಬೇರೆ ವಿಷಗಳಲ್ಲಿ ಬೇರೆ ಕಾರಣಗಳಿಗೆ ವಾಂತಿ ಬೇಡವಾಗುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಕೆಳಗಿಳಿಯುವಾಗ ಸುಟ್ಟ ಅನ್ನನಾಳವನ್ನು ಮೇಲೇರುವಾಗ ಮತ್ತೆ ಸುಡುತ್ತದೆ. ದೇವರ ಮನೆಯ ಕರ್ಪೂರ ತಿಂದ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು, ವಾಂತಿಯ ನಡುವೆ ಫಿಟ್ಸ್ ಬಂದರೆ ಉಸಿರುಗಟ್ಟುತ್ತದೆ. ನಿದ್ದೆ ಮಾತ್ರೆ ನುಂಗಿ ಮಂಪರಾದವರಿಗೂ ಹಾಗೆಯೇ.

ಆಸ್ಪತ್ರೆಗೆ ಬಂದ ಕೂಡಲೇ

ಮುಂದಿನ ವಿವರಕ್ಕೆ ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದನ್ನೆಲ್ಲ ಸೇರಿಸಿ ಕಟ್ಟಿದ್ದು ಇದು. ಎರಡು ವರ್ಷದ ಹೆಣ್ಣು ಮಗು, ತೂಕ 11 ಕಿಲೋ. ಬೆಳಿಗ್ಗೆ 9ಕ್ಕೆ ಸೀಮೆಎಣ್ಣೆ ಕುಡಿದಿದೆ. ಕುಡಿದ ಕೂಡಲೇ ಕೆಮ್ಮಿ ಉಸಿರುಗಟ್ಟಿದಂತಾಗಿದೆ. ಅಜ್ಜಿ ಬೆರಳು ಹಾಕಿ ಒಮ್ಮೆ ವಾಂತಿ ಮಾಡಿಸಿದ್ದಾರೆ. 9.40ಕ್ಕೆ ತಾಲ್ಲೂಕು ಆಸ್ಪತ್ರೆ ತಲುಪಿದೆ.

ತುರ್ತು ವಿಭಾಗದ ನರ್ಸ್ ಮೊದಲು ಕಣ್ಣಿನಿಂದಲೇ ನೋಡುತ್ತಾಳೆ. ಮಗು ಅಳುತ್ತಿದೆಯೇ, ತುಟಿಯ ಬಣ್ಣ ಹೇಗಿದೆ, ಮೂಗಿನ ಹೊಳ್ಳೆ ಅರಳುತ್ತಿವೆಯೇ, ಪಕ್ಕೆ ಒಳಕ್ಕೆ ಎಳೆಯುತ್ತಿದೆಯೇ, ಉಸಿರು ಬಿಡುವಾಗ ನರಳುವ ಸದ್ದಿದೆಯೇ. ಜೋರಾಗಿ ಅಳುವ ಮಗುವಿನ ಉಸಿರಿನ ದಾರಿ ತೆರೆದಿದೆ ಎಂದು ತಿಳಿಯಬಹುದು. ಸುಮ್ಮನೆ ಜೋತುಬಿದ್ದ ಮಗುವಿಗೆ ಕೂಡಲೇ ಆಮ್ಲಜನಕ, ಕೂಡಲೇ ವೈದ್ಯರು.

ನಮ್ಮ ಮಾದರಿಯ ಮಗು ಎಚ್ಚರವಾಗಿದೆ. ಅದನ್ನು ತಾಯಿಯ ತೊಡೆಯ ಮೇಲೆ, ತಲೆ ಎತ್ತರವಿರುವಂತೆ ಕೂರಿಸಬೇಕು. ಅಳಿಸಿದಷ್ಟೂ ಉಸಿರು ಕೆಡುವುದರಿಂದ ತಾಯಿಯಿಂದ ಬೇರ್ಪಡಿಸಬಾರದು. ಎಣ್ಣೆ ಚೆಲ್ಲಿದ ಅಂಗಿಯನ್ನು ಬಿಚ್ಚಿ ಚೀಲದಲ್ಲಿ ಕಟ್ಟಿಟ್ಟು, ಮೈಯನ್ನು ಸೋಪು-ನೀರಿನಿಂದ ತೊಳೆಯಬೇಕು. ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ. ಅಂಗಿಯಲ್ಲೇ ಉಳಿದರೆ ಮಗು ಆ ಆವಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ, ಚರ್ಮವೂ ಸುಟ್ಟಂತೆ ಕೆಂಪಾಗುತ್ತದೆ. ಬಾಯಿಗೆ ಸದ್ಯ ಏನೂ ಕೊಡುವಂತಿಲ್ಲ. ತಾನಾಗಿಯೇ ವಾಂತಿ ಬಂದರೆ ಎಡಮಗ್ಗುಲಿಗೆ ತಿರುಗಿಸಿ, ತಲೆ ತಗ್ಗಿಸಿ, ಬಾಯಿ ಒರೆಸಿ, ಸಕ್ಷನ್ ಸಿದ್ಧವಿಟ್ಟುಕೊಂಡಿರಬೇಕು. ನಾಡಿ, ಉಸಿರು, ಆಕ್ಸಿಜನ್ ಸ್ಯಾಚುರೇಷನ್, ಜ್ವರ, ಎಚ್ಚರದ ಮಟ್ಟ, ತೂಕ ಇಷ್ಟನ್ನೂ ಹೊತ್ತಿನ ಸಮೇತ ಬರೆಯಬೇಕು. ಮುಂದಿನ ಆರು ಗಂಟೆಯ ತೀರ್ಮಾನಗಳೆಲ್ಲ ಈ ಮೊದಲ ಸಾಲಿಗೆ ಹೋಲಿಸಿಯೇ ಆಗುವುದು.

ಬಾಟಲಿಯಲ್ಲಿ ಇದ್ದದ್ದೇನು

ಮನೆಯವರು ಸೀಮೆಎಣ್ಣೆ ಎಂದರು, ವಾಸನೆಯೂ ಹಾಗೇ ಇದೆ ಎಂದು ಅಲ್ಲಿಗೇ ಬಿಡಬಾರದು. ಬೆಳೆಗೆ ಹೊಡೆಯುವ ಹಲವು ಕೀಟನಾಶಕಗಳನ್ನು ಸೀಮೆಎಣ್ಣೆಯಂಥ ದ್ರಾವಕದಲ್ಲೇ ಕರಗಿಸಿರುತ್ತಾರೆ. ಮೂಗಿಗೆ ದ್ರಾವಕದ ವಾಸನೆಯೇ ಮುಂದಾಗಿ ಬರುತ್ತದೆ. ಬಾಟಲಿಯನ್ನೇ ತರಿಸಿ ನೋಡಬೇಕು. ಮನೆಯಲ್ಲಿ ಬಿಟ್ಟು ಬಂದಿದ್ದರೆ ಫೋನಿನಲ್ಲಿ ಚಿತ್ರ ತೆಗೆದು ಕಳಿಸಲು ಹೇಳಬಹುದು. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಅದೂ ಒಂದು ಸುಳಿವು.

ಮಗುವಿನ ಮೈ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ, ಜೊಲ್ಲು, ಬೆವರು, ಕಣ್ಣೀರು ಸುರಿಯುತ್ತಿದ್ದರೆ, ನಾಡಿ ನಿಧಾನವಾಗಿದ್ದರೆ, ಮಾಂಸಖಂಡಗಳು ತುಡಿಯುತ್ತಿದ್ದರೆ ಅದು ಆರ್ಗನೋಫಾಸ್ಫೇಟ್‌ನಂಥ ಕೀಟನಾಶಕ. ಆಗ ದಾರಿಯೇ ಬೇರೆ. ಅಟ್ರೋಪಿನ್ ಬೇಕು, ಅದನ್ನು ತಡಮಾಡುವಂತಿಲ್ಲ. ಅಂಥ ಕಡೆ ಹೊಟ್ಟೆ ತೊಳೆಯಬೇಕೋ ಬೇಡವೋ ಎಂಬುದನ್ನು ಉಸಿರಿನ ದಾರಿ ಭದ್ರಪಡಿಸಿದ ಮೇಲೆ ವೈದ್ಯರು ತೀರ್ಮಾನಿಸುತ್ತಾರೆ.

ವಿಷ ಸೇವನೆ ಕಾನೂನಿನ ದೃಷ್ಟಿಯಿಂದ ಎಂಎಲ್‌ಸಿ ಪ್ರಕರಣ. ಬಾಟಲಿಯನ್ನು ಎಸೆಯದೆ ಹೆಸರು ಬರೆದು ತೆಗೆದಿಡಬೇಕು. ಯಾರು ಏನು ಹೇಳಿದರು ಎಂಬುದನ್ನು ಅವರ ಮಾತಿನಲ್ಲೇ ಬರೆಯಬೇಕು.

ಆರು ಗಂಟೆಯ ನಿಗಾ

ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದಿದ್ದರೆ ಲಕ್ಷಣಗಳು ಹೆಚ್ಚಾಗಿ ಅರ್ಧ ಗಂಟೆಯೊಳಗೇ ಶುರುವಾಗುತ್ತವೆ. ಕೆಲವರಲ್ಲಿ ಕೆಲವು ಗಂಟೆ ತಡವಾಗುತ್ತದೆ. ಆರು ಗಂಟೆ ಕಾಯ್ದ ಮೇಲೂ ಕೆಮ್ಮಿಲ್ಲ, ಉಸಿರು ಸಹಜ, ಸ್ಯಾಚುರೇಷನ್ ಸರಿ, ಎದೆಯ ಎಕ್ಸ್-ರೇ ಸ್ವಚ್ಛ ಎಂದಾದರೆ ಅಂಥ ಮಗುವಿಗೆ ಮುಂದೆ ತೊಂದರೆಯಾಗುವ ಸಂಭವ ಬಹಳ ಕಡಿಮೆ, ಮನೆಗೆ ಕಳುಹಿಸಬಹುದು. ಆರು ಗಂಟೆ ಎಂಬ ಗಡುವು ಬಂದದ್ದು ಹೀಗೆ. ಮಗು ಚೆನ್ನಾಗಿಯೇ ಇದ್ದರೆ ಬಂದ ಕೂಡಲೇ ಎಕ್ಸ್-ರೇ ತೆಗೆಯುವ ಅವಸರವಿಲ್ಲ. ಮೊದಲ ಚಿತ್ರ ಸ್ವಚ್ಛವಿದ್ದು ನಾಲ್ಕೈದು ಗಂಟೆಯ ಬಳಿಕ ಕಲೆ ಮೂಡುವುದುಂಟು.

ಈ ಹೊತ್ತಿನಲ್ಲಿ ನರ್ಸ್ ಕೈಯಲ್ಲಿರುವ ದೊಡ್ಡ ಸಾಧನ ಉಸಿರಿನ ಎಣಿಕೆ. ಮಗು ಅಳದೆ ಇರುವಾಗ ಅಂಗಿ ಸರಿಸಿ, ಹೊಟ್ಟೆ-ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40, ಎರಡು ತಿಂಗಳಿಂದ ಒಂದು ವರ್ಷದ ಒಳಗಿನ ಕೂಸಿಗೆ 50 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು.

ಕೈ ಇಲ್ಲವೇ ಕಾಲಿನ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಬೇಕೇ ಬೇಕು, ಅದೊಂದನ್ನೇ ನಂಬಿ ಕೂರುವುದು ಮಾತ್ರ ತಪ್ಪು. ಮಗು ಹೆಚ್ಚು ಶ್ರಮಪಟ್ಟು ಉಸಿರಾಡಿ ಸ್ವಲ್ಪ ಹೊತ್ತು ಸಂಖ್ಯೆಯನ್ನು 95ರ ಆಸುಪಾಸಿನಲ್ಲಿ ಉಳಿಸಿಕೊಳ್ಳಬಲ್ಲದು. ಪರದೆಯ ಮೇಲೆ ಸಂಖ್ಯೆ ಇಳಿಯುವ ಮೊದಲೇ ಪಕ್ಕೆ ಎಳೆತ ಕಂಡಿರುತ್ತದೆ. ಪಾದ ತಣ್ಣಗಿದ್ದರೆ, ಮಗು ಕಾಲು ಒದರುತ್ತಿದ್ದರೆ ಸಂಖ್ಯೆಯೇ ಸುಳ್ಳಾಗಿರಬಹುದು.

ಮಾದರಿ ಮಗುವಿನ ಚಾರ್ಟ್ ಹೀಗೆ ಸಾಗುತ್ತದೆ. 9.45ಕ್ಕೆ ಉಸಿರು 38, ಸ್ಯಾಚುರೇಷನ್ 96, ನಡುನಡುವೆ ಕೆಮ್ಮು. ಮೊದಲ ಗಂಟೆ ಪ್ರತಿ ಹದಿನೈದು ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೊಮ್ಮೆ ನೋಡಲಾಗುತ್ತದೆ. 10.30ಕ್ಕೆ ಉಸಿರು 44, ಸ್ಯಾಚುರೇಷನ್ 95. ಸಂಖ್ಯೆ ಒಂದೇ ಒಂದು ಇಳಿದಿದೆ, ಆದರೆ ಉಸಿರು ಆರು ಏರಿದೆ, ಪಕ್ಕೆಗಳ ಕೆಳಗೆ ಸಣ್ಣ ಎಳೆತ ಶುರುವಾಗಿದೆ. ವೈದ್ಯರನ್ನು ಕರೆಯಬೇಕಾದ ಹೊತ್ತು ಇದೇ. 11.15ಕ್ಕೆ ಉಸಿರು 54, ಸ್ಯಾಚುರೇಷನ್ 91. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ ಒಂದರಿಂದ ಎರಡು ಲೀಟರ್ ಆಮ್ಲಜನಕ ಕೊಟ್ಟ ಮೇಲೆ 96ಕ್ಕೆ ಏರುತ್ತದೆ. ಎಕ್ಸ್-ರೇಯಲ್ಲಿ ಬಲಗಡೆಯ ಕೆಳಭಾಗದಲ್ಲಿ ಮಬ್ಬು. ಆರು ಗಂಟೆಯಲ್ಲಿ ಮನೆಗೆ ಹೋಗುವ ಮಾತು ಇಲ್ಲಿಗೆ ಮುಗಿಯಿತು, ಮಗು ವಾರ್ಡಿಗೆ ದಾಖಲಾಗುತ್ತದೆ. ರಕ್ತನಾಳಕ್ಕೆ ಡ್ರಿಪ್, ಉಸಿರು 60 ದಾಟುವವರೆಗೆ ಕಾಯದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಮುನ್ಸೂಚನೆ. ಆಮ್ಲಜನಕ ಕೊಟ್ಟರೂ ಸ್ಯಾಚುರೇಷನ್ ಏರದಿದ್ದರೆ, ನರಳುವ ಸದ್ದು ಬಂದರೆ, ಮಗು ಮಂಪರಾದರೆ ಸಾಗಿಸಬೇಕು. ಆಂಬುಲೆನ್ಸಿನಲ್ಲಿ ಆಮ್ಲಜನಕವೂ ಜೊತೆಗೆ ನರ್ಸೂ ಇರಬೇಕು.

ಸಂಜೆಯ ಹೊತ್ತಿಗೆ ಜ್ವರ 101.5 ಡಿಗ್ರಿ. ಮನೆಯವರು ಹೆದರುತ್ತಾರೆ, ಆಂಟಿಬಯಾಟಿಕ್ ಕೇಳುತ್ತಾರೆ. ಸೀಮೆಎಣ್ಣೆಯ ಉರಿಯೂತವೇ ಮೊದಲ ದಿನ ಜ್ವರ ತರುತ್ತದೆ, ರಕ್ತದಲ್ಲಿ ಬಿಳಿಕಣಗಳನ್ನೂ ಏರಿಸುತ್ತದೆ. ಮುನ್ನೆಚ್ಚರಿಕೆಗೆಂದು ಆಂಟಿಬಯಾಟಿಕ್ ಕೊಡುವುದರಿಂದ, ಸ್ಟೀರಾಯ್ಡ್ ಕೊಡುವುದರಿಂದ ಪ್ರಯೋಜನ ಕಂಡಿಲ್ಲ. ಜ್ವರ ಎರಡು ದಿನ ದಾಟಿಯೂ ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಏರಿದರೆ ರೋಗಾಣು ಸೇರಿರಬಹುದೆಂದು ವೈದ್ಯರು ಯೋಚಿಸುತ್ತಾರೆ. ಆದ್ದರಿಂದಲೇ ಜ್ವರದ ಅಂಕಿಯ ಜೊತೆಗೆ ಹೊತ್ತನ್ನೂ ಬರೆಯುವುದು ಮುಖ್ಯ. ಎಣ್ಣೆಯ ನ್ಯುಮೋನಿಯಾ ಎರಡನೆಯ, ಮೂರನೆಯ ದಿನ ಗರಿಷ್ಠಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಮಾದರಿ ಮಗು ನಾಲ್ಕನೆಯ ದಿನ ಆಮ್ಲಜನಕವಿಲ್ಲದೆ 97ರಲ್ಲಿದೆ, ಗಂಜಿ ಕುಡಿಯುತ್ತಿದೆ. ಎಕ್ಸ್-ರೇಯ ಮಬ್ಬು ಇನ್ನೂ ಇದೆ. ಮಗು ಗುಣವಾದ ಮೇಲೂ ಚಿತ್ರ ತಿಳಿಯಾಗಲು ವಾರಗಳು ಹಿಡಿಯುತ್ತವೆ, ಅದಕ್ಕಾಗಿ ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ.

ಈ ಆರು ಗಂಟೆ ಬೇರೆ ವಿಷಗಳಿಗೆ ಸಲ್ಲದು

ಸೀಮೆಎಣ್ಣೆಯ ಗಡುವನ್ನು ಇಲಿ ಪಾಷಾಣಕ್ಕೆ ಹಾಕಿದರೆ ಜೀವಕ್ಕೇ ಕುತ್ತು. ಟ್ಯೂಬಿನಲ್ಲಿ ಸಿಗುವ ಹಳದಿ ರಂಜಕದ ಪೇಸ್ಟ್ ತಿಂದವರಿಗೆ ಮೊದಲ ದಿನ ವಾಂತಿ, ಹೊಟ್ಟೆನೋವು ಬಂದು ಆಮೇಲೆ ಒಂದೆರಡು ದಿನ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಆ ಹೊತ್ತಿಗೆ ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಪಟ್ಟು ಹಿಡಿಯುವುದುಂಟು. ಯಕೃತ್ತು ಸೋಲುವುದು ಅದರ ನಂತರ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಬಿಲ್ಲೆಗಳ ಪರಿಣಾಮ ರಕ್ತಪರೀಕ್ಷೆಯಲ್ಲಿ ಕಾಣಲು ಎರಡು ದಿನ ಬೇಕು. ಪ್ಯಾರಾಸಿಟಮಾಲ್ ಹೆಚ್ಚು ನುಂಗಿದವರು ಮೊದಲ ದಿನ ಬಹುತೇಕ ಆರಾಮಾಗಿಯೇ ಕಾಣುತ್ತಾರೆ, ಆದರೆ ಅದರ ಮದ್ದು ಚೆನ್ನಾಗಿ ಕೆಲಸ ಮಾಡುವುದು ಎಂಟು ಗಂಟೆಯೊಳಗೆ ಶುರುಮಾಡಿದಾಗ. ಈಗ ಹೇಗಿದ್ದಾರೆ ಎಂಬುದರ ಮೇಲೆ ನಿಗಾದ ಅವಧಿ ನಿಂತಿಲ್ಲ, ನುಂಗಿದ್ದೇನು ಎಂಬುದರ ಮೇಲೆ ನಿಂತಿದೆ.

ಅನುಮಾನವಿದ್ದಾಗ ಕೇಳಲು ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಹಗಲು-ರಾತ್ರಿ ತೆರೆದಿರುವ ಅದರ ಉಚಿತ ಸಂಖ್ಯೆ 1800 116 117. ಮನೆಯವರೂ ಕರೆ ಮಾಡಬಹುದು, ವಾರ್ಡಿನ ನರ್ಸೂ ಮಾಡಬಹುದು.

ಮನೆಗೆ ಕಳುಹಿಸುವಾಗ

ಆರು ಗಂಟೆಯಲ್ಲಿ ಸುಖವಾಗಿ ಮನೆಗೆ ಹೋಗುವ ಮಗುವಿನ ತಾಯಿಗೆ ಉಸಿರು ಎಣಿಸುವುದನ್ನು ತೋರಿಸಿಕೊಟ್ಟೇ ಕಳುಹಿಸಬೇಕು. ಆ ದಿನ, ಮರುದಿನ ಕೆಮ್ಮು ಹೆಚ್ಚಿದರೆ, ಉಸಿರು ವೇಗವಾದರೆ, ಪಕ್ಕೆ ಎಳೆದರೆ, ಜ್ವರ ಬಂದರೆ, ಮಗು ಎಂದಿನಂತೆ ಆಡದೆ ಮಂಕಾದರೆ ರಾತ್ರಿಯಾದರೂ ವಾಪಸ್ ಬರಬೇಕು. ಊರು ದೂರವಿದ್ದರೆ, ಹೊತ್ತು ಮುಳುಗಿದರೆ ಬಸ್ಸಿಲ್ಲವೆಂದರೆ, ಆ ರಾತ್ರಿ ವಾರ್ಡಿನಲ್ಲೇ ಉಳಿಸಿಕೊಳ್ಳುವುದು ಲೇಸು.

ಓದುವ ನೀವು ನರ್ಸ್ ಆಗಿರಬೇಕಿಲ್ಲ. ಮನೆಯಲ್ಲಿ ಇಂಥದ್ದು ನಡೆದರೆ ಬಾಯಿಗೆ ಬೆರಳು ಹಾಕಬೇಡಿ, ಉಪ್ಪುನೀರು, ಹಾಲು ಕೊಡಬೇಡಿ. ಅಂಗಿ ಬಿಚ್ಚಿ ಮೈ ತೊಳೆಯಿರಿ, ಬಾಟಲಿಯನ್ನು ಜೊತೆಗೆ ತೆಗೆದುಕೊಳ್ಳಿ, 108ಕ್ಕೆ ಕರೆ ಮಾಡಿ. ಸೀಮೆಎಣ್ಣೆ, ಥಿನ್ನರ್, ಔಷಧಿ ಎಣ್ಣೆಗಳನ್ನು ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟಿದ್ದರೆ ಇವತ್ತೇ ಬೇರೆ ಡಬ್ಬಿಗೆ ಹಾಕಿ, ಮಗುವಿನ ಕೈಗೆ ಎಟುಕದಂತೆ ಬೀಗದೊಳಗೆ ಇಡಿ.